ಶೆಟ್ಟಿಹಳ್ಳಿ ಚರ್ಚ್ ಫೋಟೋ ಕೊನೆಗೂ ಗೇಮ್ ಬಾಯ್ ಒಳಗೆ ಕೂತಿತು

ಮೂರು ತಿಂಗಳ ಹಿಂದೆ ಈ ಫೋಟೋವನ್ನು ಗೇಮ್ ಬಾಯ್‌ನ ನಾಲ್ಕೇ ಶೇಡ್‌ಗೆ ಇಳಿಸಿ, ನಡುವಿನ ಬೂದನ್ನು ಚುಕ್ಕೆಗಳಲ್ಲಿ ತುಂಬಿ, ಅಂದರೆ ಡಿದರ್ ಮಾಡಿ ತೋರಿಸಿದಾಗ ಚಿಕ್ಕಮಗಳೂರಿನ ಗೆಳೆಯ ನಕ್ಕಿದ್ದ. "ಸೊಳ್ಳೆ ಪರದೆ ಹಿಂದಿಂದ ನೋಡಿದ ಹಾಗಿದೆ ಕಣೋ, ಬೇಯರ್ ಮ್ಯಾಟ್ರಿಕ್ಸ್ ಬಿಡು, ಎರರ್ ಡಿಫ್ಯೂಷನ್ ಹಾಕು" ಅಂದ. ಈಗ ಅದೇ ಫೋಟೋ ಅಸಲಿ ಮಷೀನಿನಲ್ಲಿ ಓಡುತ್ತಿದೆ, ಹಾಗಾಗಿ ಬರೀತಿದ್ದೇನೆ.

ಫೋಟೋ ಮಳೆಗಾಲದ್ದು. ಹೇಮಾವತಿ ಹಿನ್ನೀರಿನಲ್ಲಿ ಚರ್ಚ್ ಅರ್ಧ ಮುಳುಗಿದೆ, ಮೇಲೆ ಬೂದು ಮೋಡ, ಕೆಳಗೆ ನೀರು. 160×144 ಪರದೆ ಅಂದರೆ 8×8 ಪಿಕ್ಸೆಲ್‌ನ 360 ಟೈಲ್, ಮ್ಯಾಪಿನಿಂದ ಒಮ್ಮೆಗೆ ಕೈಗೆ ಸಿಗುವುದು 256 ಬಗೆ, ಆದರೆ ಒಂದೇ ಟೈಲನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಅರ್ಧ ಪರದೆಯಲ್ಲಿ ಟೈಲ್ ಬ್ಲಾಕ್ ಬದಲಿಸಿದರೆ 384 ಸಿಗುತ್ತದೆ, ಗೊತ್ತು. ಆದರೆ ನನಗೆ ಕೆಳಗೆ ಕನ್ನಡದಲ್ಲಿ ಊರಿನ ಹೆಸರು ಬೇಕಿತ್ತು, ಅದಕ್ಕೇ 12 ಟೈಲ್ ಹೋಗುತ್ತದೆ, ಇಂಟರಪ್ಟ್ ತಲೆನೋವೂ ಬೇಡವಾಗಿತ್ತು. ಹಾಗಾಗಿ ಫೋಟೋವನ್ನು 240ರೊಳಗೆ ತರಬೇಕು ಅಂತ ಹಟ ಹಿಡಿದೆ.

ಗೆಳೆಯನ ಮಾತು ಕೇಳಿ ಮೊದಲು ಫ್ಲಾಯ್ಡ್-ಸ್ಟೈನ್‌ಬರ್ಗ್ ಹಾಕಿದೆ. ಕಂಪ್ಯೂಟರಿನಲ್ಲಿ ಚಿತ್ರ ತುಂಬಾ ಚೆನ್ನಾಗಿ ಬಂತು. ಒಂದೇ ಥರದ ಟೈಲ್‌ಗಳನ್ನು ತೆಗೆದು ಎಣಿಸಿದರೆ 350ರ ಹತ್ತಿರ! ಪಕ್ಕದ ಪಿಕ್ಸೆಲ್‌ನ ತಪ್ಪನ್ನು ಮುಂದಕ್ಕೆ ತಳ್ಳುತ್ತಾ ಹೋಗುವ ವಿಧಾನ ಅದು. ಬರೀ ಮೋಡದಲ್ಲೂ ಎರಡು ಟೈಲ್ ಒಂದೇ ಥರ ಬರಲ್ಲ.

ಬೇಯರ್ 4×4ರಲ್ಲಿ ಹಾಗಲ್ಲ, ಅದು ಪಕ್ಕದ ಪಿಕ್ಸೆಲ್ ನೋಡದ ಖಾಯಂ ಮ್ಯಾಟ್ರಿಕ್ಸ್. 8ಕ್ಕೆ 4 ಸರಿಯಾಗಿ ಕೂರುತ್ತದೆ, ಹಾಗಾಗಿ ಪ್ರತಿ ಟೈಲ್‌ನಲ್ಲೂ ಮ್ಯಾಟ್ರಿಕ್ಸ್ ಅದೇ ಜಾಗದಿಂದ ಶುರು. ಒಂದೇ ಬೂದು ಬಣ್ಣದ ಟೈಲ್ ಎಲ್ಲಿದ್ದರೂ ಒಂದೇ ಚುಕ್ಕೆ ವಿನ್ಯಾಸ. ಅಂಥ ಸಪಾಟು ಟೈಲ್‌ಗಳು ಒಟ್ಟು 49 ಬಗೆ ಮಾತ್ರ ಸಾಧ್ಯ. ನಾಲ್ಕು ಶೇಡ್‌ಗಳ ನಡುವೆ ಮೂರು ಅಂತರ, ಒಂದೊಂದರಲ್ಲಿ 16 ಮೆಟ್ಟಿಲು, ಮೇಲೊಂದು. ಕೆಳಗಿನ g ಅಂದರೆ ಪಿಕ್ಸೆಲ್‌ನ ಬೂದು, 0ಯಿಂದ 255.

```
B = [[0,8,2,10],[12,4,14,6],
     [3,11,1,9],[15,7,13,5]]
t = (B[y%4][x%4] + 0.5) / 16
shade = 3 - int(g/255*3 + t)
```

ಆ `3 -` ಮರೆತು ಒಂದು ಸಂಜೆ ಕಳೆದಿದ್ದೇನೆ. ಪ್ಯಾಲೆಟ್ ರಿಜಿಸ್ಟರ್ BGP ಮಾಮೂಲಿ 0xE4 ಇದ್ದಾಗ ಸೊನ್ನೆಯೇ ಅತಿ ತಿಳಿ ಶೇಡ್, ಚರ್ಚ್ ನೆಗೆಟಿವ್ ಫಿಲ್ಮ್ ಥರ ಬಂದಿತ್ತು.

ಇಷ್ಟಾದರೂ ಎಣಿಕೆ 300ರ ಆಸುಪಾಸಿನಲ್ಲೇ ನಿಂತಿತು. ಮೋಡದ ಎರಡು ಟೈಲ್ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. 64ರಲ್ಲಿ ಒಂದೇ ಒಂದು ಚುಕ್ಕೆ ವ್ಯತ್ಯಾಸ. ಫೋಟೋದ ಸಣ್ಣ ನಾಯ್ಸ್‌ನಿಂದ ಒಂದು ಪಿಕ್ಸೆಲ್ ಗೆರೆ ದಾಟಿದರೆ ಸಾಕು, ಹೊಸ ಟೈಲ್ ಹುಟ್ಟುತ್ತದೆ. ಡಿದರ್ ಆದ ಮೇಲೆ ಹತ್ತಿರದ ಟೈಲ್‌ಗಳನ್ನು ಬೆಸೆಯಲು ಹೋದೆ, ಗೋಪುರದ ಅಂಚು ಹಲ್ಲು ಮುರಿದ ಬಾಚಣಿಗೆ ಆಯಿತು. ಕೊನೆಗೆ ಕೆಲಸ ಕೊಟ್ಟದ್ದು ಡಿದರ್‌ಗೆ ಮೊದಲೇ ಮಾಡಿದ್ದು. ಒಂದು ಟೈಲ್‌ನಲ್ಲಿ ಅತಿ ತಿಳಿ ಮತ್ತು ಅತಿ ಗಾಢ ಪಿಕ್ಸೆಲ್ ನಡುವಿನ ಅಂತರ ಕಡಿಮೆ ಇದ್ದರೆ ಇಡೀ ಟೈಲ್‌ಗೆ ಸರಾಸರಿ ಬೂದು ತುಂಬಿಬಿಡು. ಎಷ್ಟು ಕಡಿಮೆ ಅಂತ ಹೇಳಲ್ಲ, ಅದು ನನ್ನ ಗುಟ್ಟು. ಆದರೆ ಗೋಡೆಗೆ ಬೇರೆ, ಮೋಡಕ್ಕೆ ಬೇರೆ ಇಡಿ. ಒಂದೇ ಇಟ್ಟಾಗ ಗಾರೆ ಗೋಡೆಗೆ ತೇಪೆ ಹಾಕಿದ ಹಾಗೆ ಬಂತು. ಮೋಡದಲ್ಲಿ ಮೆಟ್ಟಿಲು ಕಾಣುತ್ತದೇನೋ ಅಂದುಕೊಂಡಿದ್ದೆ, ಆ ಹಸಿರು ಪರದೆಯಲ್ಲಿ ಗೊತ್ತೇ ಆಗಲ್ಲ.

ಸುಮ್ನೆ 8×8 ಮ್ಯಾಟ್ರಿಕ್ಸೂ ನೋಡಿದೆ. ಚಿತ್ರ ನುಣುಪು, ಆದರೆ ಸಪಾಟು ಬಗೆಗಳೇ 193 ಆಗುತ್ತವೆ, ಎಣಿಕೆ ಮತ್ತೆ ನಲವತ್ತು ಏರಿತು. ನೀರಿನಲ್ಲಿ ಚರ್ಚಿನ ಬಿಂಬ ಇದೆಯಲ್ಲ, ಟೈಲ್ ತಲೆಕೆಳಗು ಮಾಡಿ ಅರ್ಧ ಉಳಿಸೋಣ ಅಂತ ಎರಡು ರಾತ್ರಿ ಕೂತೆ. ಹಳೇ ಮಷೀನಿನ ಬ್ಯಾಕ್‌ಗ್ರೌಂಡ್‌ಗೆ ಫ್ಲಿಪ್ ಇಲ್ಲ, ಅದು ಬಂದದ್ದು ಕಲರ್ ಮಾಡೆಲ್‌ನಲ್ಲಿ. ನೆನಪಾದಾಗ ನನಗೇ ನಗು ಬಂತು. ಅಂದಹಾಗೆ 1998ರ ಗೇಮ್ ಬಾಯ್ ಕ್ಯಾಮೆರಾ ಚಿತ್ರ 128×112, ಅಂದರೆ 224 ಟೈಲ್, ಒಂದನ್ನೂ ಬೆಸೆಯದೆ 256ರಲ್ಲಿ ಕೂರುತ್ತದೆ. ಅದರೊಳಗೂ 4×4 ಮ್ಯಾಟ್ರಿಕ್ಸೇ. ಗೆಳೆಯನಿಗೆ ಇದನ್ನು ಹೇಳಿ ಬಾಯಿ ಮುಚ್ಚಿಸಿದೆ.

ಖರ್ಚು ಕೇಳಬೇಡಿ ಅಂದರೂ ಕೇಳ್ತೀರಿ. ಹಳೇ ಮಷೀನ್ ಸುಮಾರು ಐದು ಸಾವಿರ, ಫ್ಲ್ಯಾಶ್ ಕಾರ್ಟ್ರಿಜ್ ಎರಡೂವರೆ. ಮಾರಿದವನು "ಪಕ್ಕಾ ಕಂಡೀಷನ್" ಅಂದಿದ್ದ, ಆನ್ ಮಾಡಿದರೆ ಪರದೆಯಲ್ಲಿ ನಾಲ್ಕು ಉದ್ದ ಗೆರೆ ಸತ್ತಿದ್ದವು. ಪರದೆ ಕೆಳಗಿನ ರಿಬ್ಬನ್ ಮೇಲೆ ಸೋಲ್ಡರಿಂಗ್ ಐರನ್ ಹಿತವಾಗಿ ಎಳೆದು ಮೂರು ವಾಪಸ್ ತಂದೆ. ಒಂದು ಇನ್ನೂ ಇದೆ, ಅದು ಸರಿಯಾಗಿ ಗೋಪುರದ ಪಕ್ಕ ಬೀಳುತ್ತದೆ.

ಕೊನೆಯ ಎಣಿಕೆ 231, ಹೆಸರು ಸೇರಿ 243. ಗೆಳೆಯ ಹೋದ ಭಾನುವಾರ ಹಾಸನಕ್ಕೆ ಬಂದಿದ್ದ. ಮಷೀನ್ ಕೈಗೆ ಕೊಟ್ಟೆ. ಬೆಳಕಿಗೆ ಓರೆ ಹಿಡಿದು ತುಂಬಾ ಹೊತ್ತು ನೋಡಿ, "ಆ ಗೆರೆ ಏನದು, ಕರೆಂಟ್ ಕಂಬಾನಾ?" ಅಂದ.