ಖಾಲಿ ಫೈಲೋ, ಖಾಲಿ ಪುಟವೋ: ಅರ್ಜಿ ಪರಿಶೀಲನೆಯಲ್ಲಿ ನನ್ನ ಅನುಭವ

ವಿದ್ಯಾರ್ಥಿವೇತನದ ಅರ್ಜಿಗಳೊಂದಿಗೆ ಬರುವ ಪಿಡಿಎಫ್‌ಗಳನ್ನು ಪರಿಶೀಲಿಸುವ ಕೆಲಸ ನನ್ನದು. ‘ಅಂಕಪಟ್ಟಿ ಖಾಲಿ ಇದೆ’ ಎಂಬ ಒಂದೇ ಷರಾದೊಂದಿಗೆ ಅರ್ಜಿಯನ್ನು ಹಿಂದಿರುಗಿಸುವುದು ನನಗೆ ಸರಿ ಎನಿಸುವುದಿಲ್ಲ. ಏನು ಖಾಲಿ ಎಂದು ತಿಳಿಸದಿದ್ದರೆ ವಿದ್ಯಾರ್ಥಿ ಅದೇ ಫೈಲನ್ನು ಮತ್ತೆ ಕಳುಹಿಸುತ್ತಾನೆ.

ಆದ್ದರಿಂದ ಫೈಲ್ ತೆರೆಯುವ ಮೊದಲೇ ಅದರ ಗಾತ್ರವನ್ನು ನೋಡುತ್ತೇನೆ.

```
find . -name '*.pdf' -size 0
```

ಈ ಪಟ್ಟಿಯಲ್ಲಿ ಬರುವ ಫೈಲ್‌ಗಳಿಗೆ ಹೆಸರಿರುತ್ತದೆ, ಒಳಗೆ ಒಂದು ಬೈಟೂ ಇರುವುದಿಲ್ಲ. ಪುಟಗಳ ಮಾತೇ ಬರುವುದಿಲ್ಲ. ಇಲ್ಲಿ ತಿಳಿಯಬೇಕಾದದ್ದು ಅದು ಎಲ್ಲಿ ಖಾಲಿಯಾಯಿತು ಎಂಬುದು. ನಮ್ಮ ಎನ್‌ಜಿನ್‌ಎಕ್ಸ್ ಲಾಗ್‌ನಲ್ಲಿ `$request_length` ದಾಖಲಾಗುವಂತೆ ಮಾಡಿಸಿಕೊಂಡಿದ್ದೇನೆ. ಖಾಲಿ ಫೈಲನ್ನು ಕಳುಹಿಸಿದರೂ ಹೆಡರ್‌ಗಳು ಮತ್ತು ಅರ್ಜಿಯ ಇತರ ವಿವರಗಳು ಸೇರಿ ಒಂದೆರಡು ಸಾವಿರ ಬೈಟ್‌ಗಳಷ್ಟಾದರೂ ಬಂದಿರುತ್ತವೆ. ಅಷ್ಟೇ ಬಂದಿದ್ದರೆ ಫೈಲ್ ಕಳುಹಿಸಿದವರ ಕಡೆಯಲ್ಲೇ ಖಾಲಿಯಾಗಿತ್ತು. ಲಕ್ಷಗಟ್ಟಲೆ ಬೈಟ್‌ಗಳು ಬಂದೂ ಫೋಲ್ಡರ್‌ನಲ್ಲಿ ಸೊನ್ನೆ ಇದ್ದರೆ, ಡಿಸ್ಕ್ ತುಂಬಿ ಬರೆಯಲಾಗದೆ ಹೋಯಿತೇ ಎಂದು `df -h` ಕೊಟ್ಟು ನೋಡುತ್ತೇನೆ. ಇಂಥ ಸಂದರ್ಭದಲ್ಲಿ ವಿದ್ಯಾರ್ಥಿಯ ಅರ್ಜಿಯನ್ನು ತಿರಸ್ಕರಿಸುವುದು ಅನ್ಯಾಯವೇ ಸರಿ.

ಗಾತ್ರವಿದ್ದ ಮಾತ್ರಕ್ಕೆ ಅದು ಪಿಡಿಎಫ್ ಎನ್ನುವಂತಿಲ್ಲ. `head -c 5` ಕೊಟ್ಟಾಗ ಸಾಮಾನ್ಯವಾಗಿ `%PDF-` ಕಾಣಬೇಕು. ಏನೂ ಕಾಣದಿದ್ದರೆ `xxd` ಮೂಲಕ ನೋಡುತ್ತೇನೆ. ಉದ್ದಕ್ಕೂ `00` ಇದ್ದರೆ ಗಾತ್ರ ಉಳಿದು ವಿಷಯ ಅಳಿಸಿಹೋಗಿದೆ ಎಂದರ್ಥ.

ಇವೆರಡನ್ನೂ ದಾಟಿದ ಮೇಲೆಯೇ ಖಾಲಿ ಪುಟಗಳ ಪ್ರಶ್ನೆ ಬರುತ್ತದೆ. ಒಬ್ಬ ವಿದ್ಯಾರ್ಥಿನಿಯ ಆರು ಪುಟಗಳ ಅಂಕಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಪುಟ ಬಿಳಿಯಾಗಿತ್ತು. ಗೋಸ್ಟ್‌ಸ್ಕ್ರಿಪ್ಟ್‌ನಿಂದ ಪ್ರತಿ ಪುಟದಲ್ಲಿ ಶಾಯಿ ಬಿದ್ದಿರುವ ಜಾಗದ ಪಾಲನ್ನು ಪಡೆದೆ.

```
gs -q -o - -sDEVICE=inkcov anka.pdf
 0.00000  0.00000  0.00000  0.06214 CMYK OK
 0.00000  0.00000  0.00000  0.00009 CMYK OK
```

ಮೊದಲ ಪುಟದಲ್ಲಿ ಕಪ್ಪು ಶೇಕಡಾ 6ಕ್ಕಿಂತ ಹೆಚ್ಚಿದೆ, ಎರಡನೆಯದರಲ್ಲಿ ಧೂಳಿನ ಚುಕ್ಕೆಗಳಷ್ಟೇ ಇವೆ. ಉಳಿದ ನಾಲ್ಕೂ ಪುಟಗಳಲ್ಲಿ ಇದೇ ಕ್ರಮ ಮುಂದುವರಿದದ್ದರಿಂದ, ಸ್ಕ್ಯಾನರ್ ಹಾಳೆಯ ಎರಡೂ ಬದಿಯನ್ನು ತೆಗೆದುಕೊಂಡಿದೆ, ಬಿಳಿಯಾಗಿರುವುದು ಹಿಂಬದಿ ಎಂಬುದು ಸ್ಪಷ್ಟವಾಯಿತು. ಮೂರು ಸೆಮಿಸ್ಟರ್‌ಗಳ ಅಂಕಪಟ್ಟಿಗಳೂ ಮುಂಬದಿಯಲ್ಲಿ ಪೂರ್ಣವಾಗಿದ್ದವು, ಅರ್ಜಿಯನ್ನು ಅಂಗೀಕರಿಸಿದೆ.

ಈ ಅಳತೆ ಕಪ್ಪು-ಬಿಳುಪು ಸ್ಕ್ಯಾನ್‌ಗೆ ಮಾತ್ರ ನಂಬಿಕೆಗೆ ಅರ್ಹ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಖಾಲಿ ಕಾಗದದ ನಸುಹಳದಿಯೂ ಲೆಕ್ಕಕ್ಕೆ ಬಂದು ಪುಟ ತುಂಬಿದಂತೆ ತೋರುತ್ತದೆ. ಅಂಥವನ್ನು ಕಣ್ಣಿನಿಂದಲೇ ನೋಡುತ್ತೇನೆ. `pdftotext` ಏನೂ ಕೊಡಲಿಲ್ಲವೆಂದು ಪುಟವನ್ನು ಖಾಲಿ ಎನ್ನುವುದಂತೂ ಸಲ್ಲದು, ಏಕೆಂದರೆ ಸ್ಕ್ಯಾನ್ ಮಾಡಿದ ಅಂಕಪಟ್ಟಿ ಬರೀ ಚಿತ್ರ, ಅದರಲ್ಲಿ ಅದು ಓದಬಲ್ಲ ಅಕ್ಷರಗಳೇ ಇರುವುದಿಲ್ಲ.