ಜ್ವರ ಬರುತ್ತೆ ಅಂತ ಮೊದಲೇ ಹೇಳಿದೆ, ಎರಡನೇ ಡೋಸಿಗೆ ತಾವಾಗೇ ಬಂದರು

ಪೆಂಟಾ ಲಸಿಕೆಯ ಒಂದನೇ ಡೋಸಿಗೆ ಬಂದ ಕೂಸು ಎರಡನೆಯದಕ್ಕೆ ಬರೋದಿಲ್ಲ. ನಮ್ಮ ಬ್ಯಾಡಗಿ ಕಡೆ ಒಂದು ಕಾಲಕ್ಕೆ ಹತ್ತರಲ್ಲಿ ಮೂರ್ನಾಲ್ಕು ಮಕ್ಕಳು ಹೀಗೇ ತಪ್ಪಿಸಿಕೊಳ್ಳುತ್ತಿದ್ದವು. ಈಗ ನನ್ನ ಊರಲ್ಲಿ ವರ್ಷಕ್ಕೆ ಒಂದೋ ಎರಡೋ. ಗುಡಿ ಕಟ್ಟೆಯ ಮೇಲೆ ಸಂಜೆ ಸಭೆ ಮಾಡ್ತೀನಿ ಅಂದಾಗ ನಕ್ಕವರು ನಮ್ಮ ಇಲಾಖೆಯವರೇ. "ಗಿರ್ಮಿಟ್ ತಿಂದು ಎದ್ದು ಹೋಗ್ತಾರ್ರೀ" ಅಂದಿದ್ದರು.

ಅದಕ್ಕೂ ಮೊದಲು ಮಾಡಿದ್ದೆಲ್ಲ ದಂಡ. ಆಟೋಗೆ ಮೈಕ್ ಕಟ್ಟಿ ಊರೆಲ್ಲ ಸುತ್ತಿಸಿದೆ, ಆರೇಳು ನೂರು ರೂಪಾಯಿ ಕೈಯಿಂದ ಹೋಯಿತು. ರೋಗದ ಫೋಟೋ ತೋರಿಸಿದರೆ ತಾಯಂದಿರು ಮುಖ ತಿರುಗಿಸಿದರು. ಗುರುವಾರ ಬೆಳಗ್ಗೆ ಅಂಗನವಾಡಿಗೆ ಕರೆದರೆ ಮೆಣಸಿನಕಾಯಿ ಬಿಡಿಸೋ ಕಾಲದಲ್ಲಿ ಯಾರಿರ್ತಾರೆ? ಬಂದವರೂ "ಅತ್ತಿ ಕೇಳಿ ಹೇಳ್ತೇನ್ರಿ" ಅಂದು ಹೋಗುತ್ತಿದ್ದರು. ಆಗ ಗೊತ್ತಾಯಿತು, ಮಾತಾಡಬೇಕಾದ್ದು ಅತ್ತೆಯ ಜೊತೆ.

ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ, ಏಳರ ಸುಮಾರಿಗೆ, ಹನಮಪ್ಪನ ಗುಡಿ ಕಟ್ಟೆ. ದರ್ಗಾ ಓಣಿಯವರಿಗೆ ಅಲ್ಲೇ ಒಬ್ಬರ ಅಂಗಳದಲ್ಲಿ ಬೇರೆ ದಿನ. ನಲವತ್ತು ಜನಕ್ಕೆ ಗಿರ್ಮಿಟ್, ಚಹಾ ಸೇರಿ ಎಂಟು ನೂರರ ಹತ್ತಿರ. ಆ ಬಿಲ್ಲಿಗೆ ಸರಕಾರಿ ಲೆಕ್ಕದಲ್ಲಿ ಯಾವ ಹೆಡ್ಡೂ ಇಲ್ಲ, ನಿಮಗೂ ಗೊತ್ತಲ್ಲ.

ಮೊದಲ ಮಾತೇ ಹೀಗೆ ಹೇಳಿದೆ: "ತೊಡಿ ಇಂಜೆಕ್ಷನ್ ಮಾಡಿದ ರಾತ್ರಿ ಜ್ವರ ಬರಬಹುದು, ಕೂಸು ಅಳತೈತಿ. ಒಂದೆರಡು ದಿನಕ್ಕ ಇಳಿತೈತಿ." ಒಬ್ಬ ಅಜ್ಜಿ ಎದ್ದೇ ನಿಂತಳು. "ಮೊದಲ ಸಲಾನೂ ಮೈ ಕೆಂಡ ಆಗಿತ್ತು ನರ್ಸಬಾಯಿ. ರಾತ್ರಿ ಹನ್ನೆರಡಕ್ಕ ನೀವು ಬರ್ತೀರೇನು?" ಆಕೆಯ ಮೊಮ್ಮಗನಿಗೆ ಐದು ತಿಂಗಳು. ಒಂದೇ ಡೋಸ್ ಆಗಿತ್ತು.

"ಯವ್ವಾ, ಆ ರಾತ್ರಿ ಏನೇನು ಮಾಡಿದ್ರಿ?" ಅಂತ ಕೇಳಿದೆ. ಕಂಬಳಿ ಸುತ್ತಿ, ಕಿಟಕಿ ಬಾಗಿಲು ಹಾಕಿ ಮಲಗಿಸಿದ್ದರು. ತೊಡೆಯ ಗಂಟಿಗೆ ಎಣ್ಣೆ ಹಚ್ಚಿ ತಿಕ್ಕಿದ್ದರು. ಔಷಧಿ ಕೊಟ್ಟಿರಲಿಲ್ಲ, ಎಷ್ಟು ಕೊಡಬೇಕು ಅಂತ ಗೊತ್ತಿರಲಿಲ್ಲ. ಅಂದರೆ ಅವರಿಗೆ ಭಯ ಇದ್ದದ್ದು ಆ ರಾತ್ರಿಯದು, ಸೂಜಿಯದಲ್ಲ.

ಅಲ್ಲೇ ಪ್ಯಾರಾಸಿಟಮಾಲ್ ತೆಗೆದು ತೋರಿಸಿದೆ. ಇಲ್ಲಿ ಹುಷಾರಾಗಿರಿ. ಹನಿ ಔಷಧಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್ ಐದು ಎಂಎಲ್‌ಗೆ 125. ಸಿರಪ್ಪಿನ ಲೆಕ್ಕದಲ್ಲಿ ಹನಿ ಕೊಟ್ಟರೆ ನಾಲ್ಕು ಪಟ್ಟು ಆಗುತ್ತೆ. ಐದು ಕಿಲೋ ಕೂಸಿಗೆ ಆ ಹನಿ ಅರ್ಧ ಎಂಎಲ್ ಸಾಕು, ಮತ್ತೆ ಕೊಡೋದಾದರೆ ಆರು ತಾಸು ಬಿಟ್ಟು. ತೂಕ ನೋಡಿ, ವೈದ್ಯರು ಹೇಳಿದ ಅಳತೆಗೆ ಡ್ರಾಪರಿನ ಮೇಲೆ ನೈಲ್ ಪಾಲಿಶಿಂದ ಗೆರೆ ಎಳೆದುಕೊಡ್ತೀನಿ. ಓದಲು ಬಾರದ ಅಜ್ಜಿಗೂ ಗೆರೆ ಕಾಣುತ್ತೆ. ತೆಳು ಬಟ್ಟೆ, ಎದೆಹಾಲು, ಗಂಟಿನ ಮೇಲೆ ತಣ್ಣನೆ ಒದ್ದೆ ಬಟ್ಟೆ, ತಿಕ್ಕೋದು ಬೇಡ. ಮೂರು ತಾಸು ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಕೂಸು ಜೋತುಬಿದ್ದರೆ, ಎರಡು ದಿನ ದಾಟಿದರೂ ಜ್ವರ ಇಳಿಯದಿದ್ದರೆ ತಕ್ಷಣ ಆಸ್ಪತ್ರೆ.

"ಈಗ ಮೂರು ತಿಂಗಳು ತಡ ಆತಲ್ಲ, ಮೊದಲಿಂದ ಹಾಕಬೇಕೇನು? ಬೈತಾರೇನು?" ಇದು ಆಕೆಯ ಸೊಸೆಯ ಪ್ರಶ್ನೆ. ಇದೊಂದು ಅಂಜಿಕೆಗೇ ಎಷ್ಟೋ ಜನ ಬರ್ತಿರಲಿಲ್ಲ. ಮೊದಲಿಂದ ಬೇಡ, ಬಿಟ್ಟಲ್ಲಿಂದ ಮುಂದೆ, ನಾಲ್ಕು ವಾರಕ್ಕೊಂದರಂತೆ. ಸಣ್ಣ ನೆಗಡಿ ಇದ್ದರೂ ನಡೆಯುತ್ತೆ.

ಮುಂದಿನ ಗುರುವಾರ ಅಜ್ಜಿಯೇ ಕೂಸನ್ನು ಎತ್ತಿಕೊಂಡು ಬಂದಳು. ಅರ್ಧ ತಾಸು ಕೂರಿಸಿ ಕಳಿಸಿದೆ. ರಾತ್ರಿ ಎಂಟೂವರೆಗೆ ನಾನೇ ಫೋನ್ ಮಾಡಿದೆ. ಜ್ವರ ಬಂದಿತ್ತು, ಗೆರೆವರೆಗೆ ಕೊಟ್ಟಿದ್ದರು, ಮಲಗಿತ್ತು. ಆ ಫೋನೇ ಅರ್ಧ ಕೆಲಸ.

"ಮುಂದ ಮಕ್ಕಳಾಗಂಗಿಲ್ಲಂತ" ಅನ್ನೋ ಮಾತು 2017ರ ದಡಾರ-ರುಬೆಲ್ಲಾ ಅಭಿಯಾನದ ವಾಟ್ಸಾಪ್‌ನಿಂದ ಇನ್ನೂ ಓಡಾಡುತ್ತಿದೆ. ಆಗ ಶಾಲೆಯಲ್ಲಿ ಚುಚ್ಚಿಸಿಕೊಂಡ ಹುಡುಗಿ ಈಗ ತೊಡೆ ಮೇಲೆ ಕೂಸಿಟ್ಟುಕೊಂಡು ಮುಂದೆಯೇ ಕೂತಿದ್ದಳು. ಅವಳನ್ನೇ ಎಬ್ಬಿಸಿದೆ. ಎಲ್ಲರೂ ನಕ್ಕರು, ಆ ಮಾತು ಮುಗಿಯಿತು.

ಸುಮ್ನೆ ಇನ್ನೊಂದು ನೋಡಿದೆ, ಚುಚ್ಚುವಾಗ ಹಾಲು ಕುಡಿಸೋದು. ಅಳು ನಿಜಕ್ಕೂ ಬೇಗ ನಿಲ್ಲುತ್ತೆ, ಆದರೆ ತೊಡೆ ಅಲುಗದಂತೆ ಹಿಡಿಯಲು ಆಶಾ ಕಾರ್ಯಕರ್ತೆ ಬೇಕು. ವಾಯ್ಸ್ ಮೆಸೇಜೂ ಕಳಿಸಿದ್ದೆ, ಯಾರೂ ಪೂರ್ತಿ ಕೇಳಲಿಲ್ಲ. ಒಪ್ಪದ ಗಂಡಸರನ್ನು ಹೇಗೆ ಕಟ್ಟೆಗೆ ಕೂರಿಸ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಊರವರು ಓದಿದರೆ ಆ ಉಪಾಯ ಕೆಡುತ್ತೆ.

ಈಗ ಉಳಿದಿರೋ ತಲೆನೋವು 16 ತಿಂಗಳ ಮೇಲಿನ ಡಿಪಿಟಿ ಬೂಸ್ಟರ್. ಅದಕ್ಕೂ ಜ್ವರ ಬರುತ್ತೆ, ಅಷ್ಟೊತ್ತಿಗೆ ಎಷ್ಟೋ ಮನೆಯವರು ದುಡಿಯಲು ಬೆಂಗಳೂರು, ಗೋವಾ ಸೇರಿರ್ತಾರೆ. ತಾಯಿ ಕಾರ್ಡನ್ನು ಚೀಲದಲ್ಲಿ ಹಾಕಿ ಕಳಿಸೋದು, ಅಲ್ಲಿಗೂ ಫೋನ್ ಮಾಡೋದು, ಸದ್ಯಕ್ಕೆ ಇಷ್ಟೇ ನಡೆದಿದೆ.