ಪ್ರೀತಿ ಮೆಸೇಜು, ಟ್ರಾನ್ಸ್‌ಲೇಟ್ ಆಪು ಮತ್ತೆ ಬೇಕರಿ ಚೇಚಿ

ಗೋಣಿಕೊಪ್ಪದಲ್ಲಿ ಕಾಫಿ ವ್ಯಾಪಾರಿ ಒಬ್ರ ಹತ್ರ ಲೆಕ್ಕ ಬರಿಯೋ ಕೆಲಸ ನಂದು. ನಾನು ಪ್ರೀತಿಸೋ ಹುಡುಗಿಯ ಊರು ಕೇರಳದ ಇರಿಟ್ಟಿ ಹತ್ರ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದ್ರೆ ಬಂತು. ಸಂತೆಲಿ ಅಂಗಡಿಲಿ ಕೇಳಿ ಕೇಳಿ ಮಲಯಾಳಂ ಅರ್ಧಂಬರ್ಧ ಅರ್ಥ ಆಗುತ್ತೆ, ಆದ್ರೆ ಓದೋಕೆ ಬರಲ್ಲ, ಅವಳಿಗೆ ಕನ್ನಡ ಒಂದಕ್ಷರ ಬರಲ್ಲ. ಇಂಗ್ಲಿಷಲ್ಲಿ ಬರೆದು ನೋಡಿದ್ವಿ, ಇಬ್ರದ್ದೂ ಬ್ಯಾಂಕಿಗೆ ಅರ್ಜಿ ಕೊಟ್ಟಂಗೆ ಇರ್ತಿತ್ತು. ಹಾಗಾಗಿ ಎರಡು ವರ್ಷದಿಂದ ನಮ್ಮ ಮಾತುಕತೆ ಪೂರಾ ಫೋನಲ್ಲಿರೋ ಟ್ರಾನ್ಸ್‌ಲೇಟ್ ಆಪ್ ಮೇಲೆ ನಡೀತಾ ಉಂಟು. ಯಾವ ಮೆಸೇಜನ್ನ ಹಂಗೇ ಕಳಿಸ್ಬಹುದು, ಯಾವುದನ್ನ ಮಲಯಾಳಿ ಒಬ್ರಿಗೆ ತೋರಿಸ್ದೇ ಕಳಿಸ್ಬಾರ್ದು ಅಂತ ನಾನು ಕಲ್ತಿದ್ದು ಮೂರ್ನಾಲ್ಕು ಸಲ ಪೆಟ್ಟು ತಿಂದ ಮೇಲೆ.

ಮೊದಲ್ನೇದು ಮಳೆಗಾಲದ ಒಂದು ರಾತ್ರಿ. "ನಿನ್ನ ನೆನಪಾಗ್ತಿದೆ ಕಣೇ" ಅಂತ ಹಾಕ್ದೆ, ಬಂದ ಮಲಯಾಳಂನ ಕಾಪಿ ಮಾಡಿ ಕಳಿಸ್ದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ ಗೊತ್ತಾಯ್ತು, ಅವಳಿಗೆ ಹೋಗಿದ್ದು "ಎನಿಕ್ಕ್ ನಿನ್ನೆ ನಷ್ಟಮಾಯಿ". ಅಲ್ಲಿ ನಿನ್ನೆ ಅಂದ್ರೆ ನಿನ್ನನ್ನು. ನಾನು ನಿನ್ನನ್ನ ಕಳ್ಕೊಂಡೆ, ಎಲ್ಲಾ ಮುಗೀತು ಅನ್ನೋ ಹಾಗೆ ಓದ್ಕೊಂಡು ಅವಳು ಅತ್ತಿದ್ದಾಳೆ.

ಹೀಗೆ ಯಾಕಾಗುತ್ತೆ ಅಂದ್ರೆ, ಇಂಥ ಎಷ್ಟೋ ಆಪ್‌ಗಳಲ್ಲಿ ಕನ್ನಡದಿಂದ ಮಲಯಾಳಂಗೆ ನೇರ ದಾರಿ ಇರಲ್ಲ, ನಡುವೆ ಇಂಗ್ಲಿಷ್ ಹಾದು ಹೋಗ್ಬೇಕು, ಯಾಕಂದ್ರೆ ಕನ್ನಡಕ್ಕೂ ಇಂಗ್ಲಿಷಿಗೂ ಜೋಡಿ ವಾಕ್ಯ ಸಿಕ್ಕಷ್ಟು ಕನ್ನಡಕ್ಕೂ ಮಲಯಾಳಂಗೂ ಸಿಗಲ್ಲ. ನಮ್ಮ ನೆನಪು ಅಲ್ಲಿ ಮಿಸ್ ಯೂ ಆಯ್ತು, ಆ ಮಿಸ್ ಅನ್ನೋದಕ್ಕೆ ಕೈ ತಪ್ಪಿ ಹೋಯ್ತು ಅನ್ನೋ ಅರ್ಥನೂ ಉಂಟಲ್ಲ, ಆ ಕಡೆಯಿಂದ ಇಳಿಯುವಾಗ ಅದು ನಷ್ಟ ಆಯ್ತು. ಮಲಯಾಳಂಲಿ ಓರ್ಮ ಅಂತ ನಮ್ಮ ನೆನಪಿಗೆ ಸರಿಯಾದ ಪದ ಪಕ್ಕದಲ್ಲೇ ಇತ್ತು. ಕಣೇ ಅನ್ನೋದು ದಾರಿಲೇ ಉದುರಿ ಹೋಯ್ತು, ಅದಕ್ಕೆ ಇಂಗ್ಲಿಷಲ್ಲಿ ಜಾಗ ಇಲ್ಲ.

ನಾನು ಆವತ್ತು ಚೆಕ್ ಮಾಡಿರ್ಲಿಲ್ಲ ಅಂತಲ್ಲ. ಬಂದ ಮಲಯಾಳಂನ ಅದೇ ಆಪಿಗೆ ತಿರುಗಾ ಹಾಕಿ ಕನ್ನಡ ಮಾಡಿ ನೋಡಿದ್ದೆ, "ನಿನ್ನ ನೆನಪಾಗುತ್ತಿದೆ" ಅಂತಲೇ ತೋರಿಸಿತ್ತು. ತುಂಬಾ ಜನ ಇದನ್ನೇ ನಂಬ್ತಾರೆ, ದಯವಿಟ್ಟು ನಂಬ್ಬೇಡಿ. ಹೋದ ದಾರಿಲೇ ವಾಪಸ್ ಬರೋದ್ರಿಂದ ಅದೇ ಮಿಸ್ ಮತ್ತೆ ನೆನಪಾಗಿ ಬರುತ್ತೆ, ತಪ್ಪು ಒಳಗೇ ಮುಚ್ಚಿ ಹೋಗುತ್ತೆ. ಈಗ ನಾನು ಮಾಡೋದು ಎರಡು ಕೆಲಸ. ಮೊದ್ಲು ನನ್ನ ಕನ್ನಡನ ಇಂಗ್ಲಿಷಿಗೆ ಹಾಕಿ ನೋಡ್ತೀನಿ, ಅಲ್ಲಿ ಏನು ಕಳೆದು ಹೋಗಿದೆಯೋ ಮಲಯಾಳಂಲೂ ಅದು ಇರಲ್ಲ ಅಂತ ಲೆಕ್ಕ. ಆಮೇಲೆ ಸ್ಪೀಕರ್ ಒತ್ತಿ ಮಲಯಾಳಂನ ಕಿವಿಲಿ ಕೇಳ್ತೀನಿ. ಆವತ್ತು ಒತ್ತಿದ್ರೆ ನಷ್ಟ ಅನ್ನೋ ಪದ ನನ್ನ ಕಿವಿಗೇ ಬೀಳ್ತಿತ್ತು, ಅದು ಎರಡೂ ಭಾಷೆಲಿ ಒಂದೇ.

ಕಿವಿನೂ ಪೂರ್ತಿ ನಂಬೋ ಹಾಗಿಲ್ಲ. ಒಂದು ಸಲ ಅವಳ ಮೆಸೇಜಲ್ಲಿ "ಎನಿಕ್ಕ್ ನಿನ್ನೋಡ್ ಸಂಸಾರಿಕ್ಕಣಂ" ಅಂತ ಕೇಳಿ ಎದೆ ಹೊಡ್ಕೊಂಡು ಹೋಯ್ತು, ಸಂಸಾರ ಹೂಡೋ ಮಾತು ಬಂತು ಅಂತ. ಅಲ್ಲಿ ಸಂಸಾರ ಅಂದ್ರೆ ಮಾತು, ನಿನ್ನ ಹತ್ರ ಮಾತಾಡ್ಬೇಕು ಅಂದಿದ್ದಳು ಅಷ್ಟೇ. ಅವಸರಂ ಕೂಡ ಹಂಗೇ, ಅವರಿಗೆ ಅದು ಅವಕಾಶ, ನಮ್ಮ ಅವಸರ ಅಲ್ಲ.

ಅವಳ ಕಡೆಯಿಂದ ಬರೋ ಮೆಸೇಜಲ್ಲಿ ಇದಕ್ಕಿಂತ ದೊಡ್ಡ ಅಪಾಯ ಒಂದುಂಟು, ನಮ್ಮಿಬ್ರ ಮಧ್ಯೆ ಅತಿ ದೊಡ್ಡ ಜಗಳ ಆಗಿದ್ದೂ ಅದ್ರಿಂದ್ಲೇ. "ನಿನ್ನೆ ಮನೆಗೆ ಬಂದಿದ್ದ, ಏನೂ ಹೇಳಲಿಲ್ಲ" ಅಂತ ಆಪ್ ತೋರಿಸ್ತು. ಬಂದಿದ್ದ ಅಂದ್ರೆ ಯಾರು, ಯಾವ ಹುಡುಗ, ನಾನು ರಾತ್ರಿ ಇಡೀ ನಿದ್ದೆ ಮಾಡ್ಲಿಲ್ಲ, ಬೆಳಿಗ್ಗೆ ಕೆಟ್ಟದಾಗಿ ಕೇಳ್ಬಿಟ್ಟೆ. ಬಂದಿದ್ದು ಅವಳ ಅಕ್ಕ. ಮಲಯಾಳಂಲಿ ವನ್ನು ಅಂದ್ರೆ ಬಂದೆ, ಬಂದ, ಬಂದಳು, ಬಂದರು ಎಲ್ಲಾ ಆಗುತ್ತೆ, ಕ್ರಿಯಾಪದ ಗಂಡು ಹೆಣ್ಣು ಹೇಳಲ್ಲ. ನಮ್ಮ ಕನ್ನಡದಲ್ಲಿ ಹೇಳ್ದೇ ವಿಧಿ ಇಲ್ಲ. ಹಾಗಾಗಿ ಅವಳು ಹೇಳ್ದೇ ಇದ್ದದ್ದನ್ನ ಮಿಷನ್ ತಾನೇ ತುಂಬುತ್ತೆ, ಹೆಚ್ಚಾಗಿ ಗಂಡಸನ್ನೇ ತುಂಬುತ್ತೆ. ಈಗ ಕನ್ನಡದಲ್ಲಿ ಬಂದ, ಹೇಳ್ದ ಅಂತ ಕಂಡ ತಕ್ಷಣ ಮಲಯಾಳಂ ಆಡಿಯೋ ಕೇಳ್ತೀನಿ, ಅಲ್ಲಿ ಅವನ್ ಅಂತಲೋ ಒಂದು ಹೆಸರೋ ಕೇಳ್ಸಿಲ್ಲ ಅಂದ್ರೆ ಅದು ಮಿಷನ್ನಿನ ಊಹೆ. ಆಗ "ಯಾರು ಬಂದಿದ್ದು?" ಅಂತ ಅವಳನ್ನೇ ಕೇಳ್ತೀನಿ, ಅದಕ್ಕೆ ಯಾರ ಸಹಾಯನೂ ಬೇಡ.

ಊಟ ಆಯ್ತಾ, ಬಸ್ ಸಿಕ್ತಾ, ಇಲ್ಲಿ ಕರೆಂಟ್ ಇಲ್ಲ, ನಾಳೆ ಫೋನ್ ಮಾಡ್ತೀನಿ, ಇವೆಲ್ಲಾ ಮಿಷನ್ ಸಾಕು. ತಪ್ಪಾದ್ರೂ ಎರಡು ನಿಮಿಷದಲ್ಲಿ ಅವಳು ಏನದು ಅಂತ ಕೇಳ್ತಾಳೆ, ಸರಿ ಆಗುತ್ತೆ. ನಾನು ನೋಡೋದು ಇದೊಂದೇ, ತಪ್ಪಾಗಿ ಓದ್ಕೊಂಡ್ರೆ ಅವಳು ಕೇಳ್ತಾಳಾ ಅಥವಾ ನೊಂದ್ಕೊಂಡು ಸುಮ್ಮನಾಗ್ತಾಳಾ ಅಂತ. ಕ್ಷಮೆ ಕೇಳೋದು, ಮುನಿಸು, ಮದುವೆ ವಿಷ್ಯ, ಅವಳ ಮನೆಯವ್ರು ಓದೋ ಮೆಸೇಜು, ಇವುಗಳಲ್ಲಿ ಸುಮ್ಮನಾಗ್ತಾಳೆ. ಅಂಥವನ್ನ ತೋರಿಸ್ದೇ ಕಳಿಸಲ್ಲ.

ಯಾರಿಗೆ ತೋರಿಸ್ಬೇಕು ಅನ್ನೋದ್ರಲ್ಲೂ ಎಡವಿದ್ದೆ. ಆಪ್ ಅವಳನ್ನ ಹೆಚ್ಚಾಗಿ ನಿಙ್ಙಳ್, ಅಂದ್ರೆ ನೀವು ಅಂತ ಕರೀತಿತ್ತು, ಇಂಗ್ಲಿಷಲ್ಲಿ ನೀನು ನೀವು ಎರಡೂ ಒಂದೇ ಆದ್ದರಿಂದ. ತಿರುವನಂತಪುರದ ಕಡೆಯ ಫ್ರೆಂಡ್ ಒಬ್ಬ ನೋಡಿ, ಇದು ಜಗಳಕ್ಕೆ ಕರೆದಂಗೆ ಉಂಟು ಅಂದ. ಗಾಬರಿ ಆಗಿ ಬೇಕರಿಯ ಚೇಚಿಗೆ, ಅಂದ್ರೆ ಅಲ್ಲಿರೋ ಮಲಯಾಳಿ ಅಕ್ಕನಿಗೆ ತೋರಿಸ್ದೆ, ಅವರು ಇರಿಟ್ಟಿ ಕಡೆಯವ್ರೇ. "ಅಲ್ಲ ಮೋನೆ, ನಮ್ಮ ಕಡೆ ನಿಙ್ಙಳ್ ಅಂದ್ರೆ ಮರ್ಯಾದೆ, ಆದ್ರೆ ಪ್ರೀತಿ ಮಾಡೋ ಹುಡುಗಿಗೆ ನೀ ಅನ್ನು, ಇಲ್ಲಾಂದ್ರೆ ದೂರ ಇಟ್ಟಂಗೆ ಆಗುತ್ತೆ" ಅಂದ್ರು. ಆವತ್ತಿಂದ ಮಲಯಾಳಿ ಆದ್ರೆ ಸಾಲ್ದು, ಅವಳ ಸೀಮೆಯವ್ರೇ ಆಗ್ಬೇಕು ಅಂತ ಇಟ್ಕೊಂಡಿದೀನಿ.

ಚೇಚಿಗೆ ಪೂರ್ತಿ ಮೆಸೇಜ್ ಕೊಡಲ್ಲ, ಅದು ಅವಳಿಗೆ ಬರೆದಿದ್ದು, ಬೇರೆಯವ್ರು ಓದ್ಬಾರ್ದು. ಅನುಮಾನ ಇರೋ ಒಂದೆರಡು ಸಾಲು ಮಾತ್ರ, ಹೆಸರು ತೆಗೆದು. ನನ್ನ ಕನ್ನಡ ಮೊದ್ಲೇ ತೋರಿಸಲ್ಲ, ತೋರಿಸಿದ್ರೆ ಅವರು ಅದನ್ನ ಮನಸ್ಸಲ್ಲಿ ಇಟ್ಕೊಂಡು ಸರಿ ಉಂಟು ಅಂದ್ಬಿಡ್ತಾರೆ. ಮಲಯಾಳಂ ಮಾತ್ರ ಕೊಟ್ಟು "ಚೇಚಿ, ಇದನ್ನ ಯಾರು ಯಾರಿಗೆ ಹೇಳ್ತಿದ್ದಾರೆ, ಕೋಪದಲ್ಲಿದ್ದಾರಾ, ಕೇಳಿದವ್ರಿಗೆ ಏನನ್ಸುತ್ತೆ?" ಅಂತ ಕೇಳ್ತೀನಿ. ಒಂದು ಕ್ಷಮೆ ಮೆಸೇಜಿಗೆ ಅವರು "ಇದು ಕಂಪನಿಯವ್ರು ತಡ ಆಗಿದ್ದಕ್ಕೆ ಕಳಿಸಿದ ನೋಟೀಸ್" ಅಂದ್ರು. ತಪ್ಪು ಒಂದಕ್ಷರನೂ ಇರ್ಲಿಲ್ಲ ಅದರಲ್ಲಿ.

ಹೋದ ತಿಂಗಳು ಅವಳ ಅಪ್ಪನಿಗೆ ಬರೀಬೇಕಾಗಿ ಬಂತು, ಕೊಯ್ಲು ಮುಗಿದ ಮೇಲೆ ಮನೆಗೆ ಬಂದು ಮಾತಾಡ್ತೀನಿ ಅಂತ, ಆರು ಸಾಲು. ಆಪ್ ಅದರಲ್ಲಿ ನಾಲ್ಕು ಕಡೆ ನಿಙ್ಙಳ್ ಹಾಕಿತ್ತು. ಚೇಚಿ ನಾಲ್ಕನ್ನೂ ಹೊಡೆದು ಹಾಕಿದ್ರು, ಹಿರಿಯರಿಗೆ ನೀನು ನೀವು ಯಾವುದೂ ಬೇಡ, ಸಂಬಂಧದಿಂದ ಕರೀಬೇಕು ಅಂದ್ರು. ಹಾಗಾದ್ರೆ ಅಚ್ಛನ್, ಅಂದ್ರೆ ಅಪ್ಪ ಅಂತ ಬರೀಲಾ ಅಂದೆ. ಪೆನ್ನು ಕೈಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಅದು ಅವರು ಒಪ್ಪಿದ ಮೇಲೆ ಮೋನೆ, ಈಗ ಅಂಕಲ್ ಸಾಕು" ಅಂತ ಎರಡು ಕಡೆ ಅಂಕಲ್ ಬರೆದು ಕೊಟ್ರು.